ಕ್ರಾಪ್ ಮಾಡಿದ ಮೇಲೂ ಕಡತದ ಜೊತೆ ಪರವಾನಗಿ ಉಳಿಯುವಂತೆ ನಾನು ಮಾಡಿದ್ದು

ಹಕ್ಕಿಗಳ ಪರಿಚಯಕ್ಕೆ ಮೀಸಲಾದ ಕನ್ನಡ ಜಾಲತಾಣವೊಂದನ್ನು ಕಟ್ಟುವ ಕೆಲಸ ಕೈಗೆ ಬಂದಾಗ, ಚಿತ್ರಗಳೂ ಫಾಂಟುಗಳೂ ಉಚಿತ ಪರವಾನಗಿಯವೇ ಆಗಿರಬೇಕೆಂದು ಮೊದಲೇ ತೀರ್ಮಾನವಾಗಿತ್ತು. ಅಂಥ ಕಡತಗಳನ್ನು ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಆದರೆ ಚಿತ್ರವನ್ನು ಕ್ರಾಪ್ ಮಾಡಿ, ಗಾತ್ರ ಕುಗ್ಗಿಸಿ, ಫಾಂಟಿನ ಕಡತವನ್ನು ಕಿರಿದಾಗಿಸಿ ತಾಣಕ್ಕೆ ಏರಿಸುವಷ್ಟರಲ್ಲಿ, ಅದು ಯಾರದು ಮತ್ತು ಯಾವ ಷರತ್ತಿನ ಮೇಲೆ ನಮಗೆ ಸಿಕ್ಕಿತು ಎಂಬ ಮಾಹಿತಿ ಒಂದೊಂದೇ ಹಂತದಲ್ಲಿ ಕಳಚಿಹೋಗುತ್ತದೆ. ಆದ್ದರಿಂದ ಕಡತವನ್ನು ಇಳಿಸಿಕೊಳ್ಳುವ ಗಳಿಗೆಯಲ್ಲೇ ಆ ಮಾಹಿತಿಯನ್ನು ಬರೆದಿಟ್ಟು, ಕೊನೆಯ ಪುಟದವರೆಗೂ ಅದನ್ನು ಜೊತೆಗೇ ಒಯ್ಯುವ ಕ್ರಮವೊಂದನ್ನು ರೂಢಿಸಿಕೊಂಡೆ.

ಒಂದು ಮಿಂಚುಳ್ಳಿಯ ಚಿತ್ರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅದು ವಿಕಿಮೀಡಿಯ ಕಾಮನ್ಸ್‌ನಲ್ಲಿ CC BY-SA 4.0 ಪರವಾನಗಿಯಡಿ ಇತ್ತು. ಅಂದರೆ ಲೇಖಕರ ಹೆಸರು ಹೇಳಿ, ಬದಲಾವಣೆ ಮಾಡಿದ್ದರೆ ಅದನ್ನು ತಿಳಿಸಿ, ಮಾರ್ಪಡಿಸಿದ ರೂಪವನ್ನು ಹಂಚುವಾಗ ಅದೇ ಪರವಾನಗಿಯನ್ನು ಅದಕ್ಕೂ ಅನ್ವಯಿಸಿದರೆ ಯಾರು ಬೇಕಾದರೂ ಬಳಸಬಹುದು. ಪರವಾನಗಿಯ ಚೌಕಟ್ಟನ್ನು ಓದುವ ಮೊದಲು ನಾನು ನೋಡುವುದು ಅದನ್ನು ಹಾಕಿದವರಿಗೆ ಹಾಗೆ ಕೊಡುವ ಹಕ್ಕು ಇತ್ತೇ ಎಂಬುದನ್ನು. 'ಸ್ವಂತ ಕೃತಿ' ಎಂದು ಬರೆದಿದ್ದರೂ ಚಿತ್ರದ ಗಾತ್ರ ತೀರಾ ಚಿಕ್ಕದಾಗಿದ್ದು, ಕ್ಯಾಮೆರಾದ ವಿವರಗಳು ಇಲ್ಲದೆ, ಅದೇ ಖಾತೆಯ ಇತರ ಚಿತ್ರಗಳು ಬೇರೆಬೇರೆ ಕೈಗಳಲ್ಲಿ ಮೂಡಿದಂತೆ ಕಂಡರೆ ನಾನು ಆ ಚಿತ್ರವನ್ನು ಬಿಟ್ಟುಬಿಡುತ್ತೇನೆ. ಚಿತ್ರದಿಂದಲೇ ಹುಡುಕುವ ಸೌಲಭ್ಯ ಬಳಸಿ ನೋಡಿದರೆ, ಅದು ಅದಕ್ಕೂ ಮೊದಲೇ ಬೇರೆಲ್ಲಾದರೂ ಪ್ರಕಟವಾಗಿದೆಯೇ ಎಂಬುದು ಬಹಳ ಸಲ ತಿಳಿಯುತ್ತದೆ. ಹಕ್ಕಿಲ್ಲದವರು ಕೊಟ್ಟ ಪರವಾನಗಿಯನ್ನು ನಂಬಿ ಬಳಸಿದರೂ ನಿಜವಾದ ಹಕ್ಕುದಾರರ ಎದುರು ಅದು ನಿಲ್ಲುವುದಿಲ್ಲ.

ಮಿಂಚುಳ್ಳಿ ಈ ಪರೀಕ್ಷೆ ದಾಟಿದ ಮೇಲೆ ಚಿತ್ರದ ಪುಟದ ವಿಳಾಸ, ಲೇಖಕರು ತಮ್ಮನ್ನು ಹೇಗೆ ಹೆಸರಿಸಬೇಕೆಂದು ಕೇಳಿದ್ದಾರೋ ಆ ರೂಪ, ಪರವಾನಗಿಯ ಹೆಸರು ಮತ್ತು ಆವೃತ್ತಿ, ಇಳಿಸಿಕೊಂಡ ದಿನಾಂಕ ಇಷ್ಟನ್ನು ಒಂದು ಪಟ್ಟಿಯಲ್ಲಿ ದಾಖಲಿಸಿ, ಆ ಪುಟದ ಸ್ಕ್ರೀನ್‌ಶಾಟನ್ನೂ ಉಳಿಸಿಕೊಂಡೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟ ಮೇಲೆ ಹಿಂತೆಗೆದುಕೊಳ್ಳಲು ಬರುವುದಿಲ್ಲ. ಆದರೆ ಮುಂದೆ ಆ ಪುಟವೇ ಅಳಿಸಿಹೋದರೆ, ನಾನು ಪಡೆದಾಗ ಆ ಷರತ್ತು ಇತ್ತು ಎಂದು ತೋರಿಸಲು ಸ್ಕ್ರೀನ್‌ಶಾಟ್ ಬಿಟ್ಟರೆ ಬೇರೆ ಆಧಾರ ಇಲ್ಲದೇ ಹೋಗಬಹುದು. ಆವೃತ್ತಿಯ ಸಂಖ್ಯೆಗೂ ಮಹತ್ವವಿದೆ. 3.0 ಮತ್ತು ಅದಕ್ಕೂ ಹಿಂದಿನವುಗಳಲ್ಲಿ ಕೃತಿಗೆ ಶೀರ್ಷಿಕೆ ಇದ್ದರೆ ಅದನ್ನು ಹೇಳುವುದು ಕಡ್ಡಾಯ. 2013ರಲ್ಲಿ ಬಂದ 4.0ರಲ್ಲಿ ಅದು ಕಡ್ಡಾಯವಲ್ಲದಿದ್ದರೂ ನಾನು ಎಲ್ಲ ಚಿತ್ರಗಳಿಗೂ ಶೀರ್ಷಿಕೆ ಬರೆಯುತ್ತೇನೆ.

ನಮ್ಮಲ್ಲಿ 'ಚಿತ್ರಕೃಪೆ: ಅಂತರಜಾಲ' ಅಥವಾ 'ಚಿತ್ರಕೃಪೆ: ವಿಕಿಪೀಡಿಯ' ಎಂದು ಬರೆದು ಮುಗಿಸುವ ರೂಢಿ ವ್ಯಾಪಕವಾಗಿದೆ. ಚಿತ್ರ ತೆಗೆದವರು ಬಿಸಿಲಲ್ಲಿ ಕಾದು ಕುಳಿತು ತೆಗೆದದ್ದಕ್ಕೆ ಪ್ರತಿಯಾಗಿ ಬಯಸಿದ್ದು ತಮ್ಮ ಹೆಸರನ್ನು ಮಾತ್ರ. ಆ ಸಾಲಿನಲ್ಲಿ ಇಲ್ಲದಿರುವುದೂ ಅದೇ. ನಾನು ಚಿತ್ರದ ಕೆಳಗೇ ಹೀಗೆ ಬರೆದೆ:

```html
<figcaption>
  ಚಿತ್ರ: <a href="ಮೂಲ-ಪುಟದ-ವಿಳಾಸ">ಚಿತ್ರದ ಶೀರ್ಷಿಕೆ</a>,
  ಛಾಯಾಗ್ರಾಹಕರ ಹೆಸರು,
  <a
     href="https://creativecommons.org/licenses/by-sa/4.0/">CC BY-SA 4.0</a>.
  ಬದಲಾವಣೆ: ಎಡಬದಿಯನ್ನು ಕ್ರಾಪ್ ಮಾಡಲಾಗಿದೆ.
</figcaption>
```

ಗಾತ್ರ ಕುಗ್ಗಿಸಿದ್ದನ್ನು ನಾನು ಬದಲಾವಣೆಯೆಂದು ಬರೆಯುವುದಿಲ್ಲ. ಕ್ರಾಪ್ ಮಾಡಿದ್ದು, ಬಣ್ಣ ತಿದ್ದಿದ್ದು, ಹಿನ್ನೆಲೆ ತೆಗೆದದ್ದನ್ನು ತಪ್ಪದೆ ಬರೆಯುತ್ತೇನೆ. ಮುಖಪುಟದ ಸಣ್ಣ ಚಿತ್ರಗಳ ಕೆಳಗೆ ಇಷ್ಟು ಉದ್ದದ ಸಾಲು ಹಿಡಿಯುವುದಿಲ್ಲ. ಮಾಧ್ಯಮಕ್ಕೆ ತಕ್ಕ ಯಾವುದೇ ಸಮಂಜಸ ರೀತಿಯಲ್ಲಿ ಹೆಸರು ಹೇಳಬಹುದೆಂದು ಪರವಾನಗಿಯೇ ಒಪ್ಪುವುದರಿಂದ, ಅಲ್ಲಿ ಪ್ರತಿ ಚಿತ್ರವನ್ನೂ ಪೂರ್ಣ ವಿವರ ಇರುವ ಪುಟಕ್ಕೆ ಜೋಡಿಸಿದೆ. ಚಿತ್ರದ ಕಡತದೊಳಗೇ ಹಕ್ಕುಸ್ವಾಮ್ಯದ ಟಿಪ್ಪಣಿ ಇದ್ದರೆ ಅದೂ ಉಳಿಯಬೇಕು. ಇಮೇಜ್‌ಮ್ಯಾಜಿಕ್‌ನಲ್ಲಿ `-strip` ಹಾಕಿದರೆ ಅದು ಸದ್ದಿಲ್ಲದೆ ಅಳಿಸಿಹೋಗುವುದರಿಂದ ಆ ಆಯ್ಕೆಯನ್ನು ನಮ್ಮ ಸ್ಕ್ರಿಪ್ಟಿನಿಂದ ತೆಗೆದೆ.

ಪುಟದ ತಲೆಪಟ್ಟಿಗೆ ಎರಡು ಹಕ್ಕಿಗಳನ್ನು ಬೆರೆಸಿ ಒಂದೇ ಚಿತ್ರ ಮಾಡುವ ಯೋಚನೆಯೂ ಇತ್ತು. ಲೇಖನದ ಪಕ್ಕದಲ್ಲಿ ಚಿತ್ರವೊಂದನ್ನು ಇಟ್ಟ ಮಾತ್ರಕ್ಕೆ ಇಡೀ ಲೇಖನ BY-SA ಆಗಿಬಿಡುವುದಿಲ್ಲ. ಆದರೆ ಎರಡು ಚಿತ್ರಗಳನ್ನು ಒಂದರೊಳಗೊಂದು ಬೆರೆಸಿದರೆ ಅದು ಹೊಸ ರೂಪಾಂತರವಾಗುತ್ತದೆ ಮತ್ತು ಎರಡೂ ಮೂಲಗಳ ಷರತ್ತು ಅದಕ್ಕೆ ತಗಲುತ್ತದೆ. ಮಿಂಚುಳ್ಳಿಯದು BY-SA, ಇನ್ನೊಂದರದು BY-NC-SA ಆಗಿತ್ತು. ಎರಡೂ ತಮ್ಮ ಪರವಾನಗಿಯನ್ನೇ ಹಾಕಬೇಕೆಂದು ಕೇಳುತ್ತವೆ, ಒಂದು ವಾಣಿಜ್ಯ ಬಳಕೆಯನ್ನು ಬಿಡುತ್ತದೆ, ಇನ್ನೊಂದು ತಡೆಯುತ್ತದೆ. ಹೀಗಾಗಿ ಬೆರೆಸಿದ ಚಿತ್ರವನ್ನು ಪ್ರಕಟಿಸಲು ದಾರಿಯೇ ಇಲ್ಲ. ಎರಡನೆಯದರ ಬದಲು ಯಾವ ಷರತ್ತನ್ನೂ ಹಾಕದ CC0 ಚಿತ್ರವೊಂದನ್ನು ಆರಿಸಿ, ತಲೆಪಟ್ಟಿಯನ್ನು BY-SA 4.0 ಅಡಿಯಲ್ಲೇ ಪ್ರಕಟಿಸಿದೆ.

ಫಾಂಟುಗಳಲ್ಲಿ ಇದೇ ಕಳಚುವಿಕೆ ಕಣ್ಣಿಗೆ ಕಾಣದಂತೆ ನಡೆಯುತ್ತದೆ. ನಾನು ಆರಿಸಿದ ಎರಡೂ ಫಾಂಟುಗಳು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ 1.1ರ ಅಡಿಯಲ್ಲಿದ್ದವು. ಪುಟದ ಮೇಲೆ ಫಾಂಟಿನ ಹೆಸರು ಬರೆಯಬೇಕೆಂದು ಅದು ಕೇಳುವುದಿಲ್ಲ. ಹಕ್ಕುಸ್ವಾಮ್ಯದ ಸೂಚನೆ ಮತ್ತು ಪರವಾನಗಿ ಫಾಂಟಿನ ಜೊತೆ ಇರಬೇಕು, ಮಾರ್ಪಡಿಸಿದ ಫಾಂಟಿಗೂ ಅದೇ ಪರವಾನಗಿ ಇರಬೇಕು, ಕಾಯ್ದಿರಿಸಿದ ಹೆಸರೇನಾದರೂ ಇದ್ದರೆ ಮಾರ್ಪಡಿಸಿದ ರೂಪಕ್ಕೆ ಅದನ್ನು ಬಳಸಬಾರದು ಎಂದು ಅದು ಕೇಳುತ್ತದೆ. ಬೇಡದ ಅಕ್ಷರಗಳನ್ನು ತೆಗೆಯುವುದೂ ಮಾರ್ಪಾಡೇ. ಏನನ್ನೂ ತೆಗೆಯದೆ ವೋಫ್ ರೂಪಕ್ಕೆ ಅಡಕಿಸುವುದು ಮಾರ್ಪಾಡಲ್ಲ.

ವೈಜ್ಞಾನಿಕ ಹೆಸರುಗಳಿಗೆ ಇಟ್ಟುಕೊಂಡ ಸೋರ್ಸ್ ಸಾನ್ಸ್‌ನ ಪರವಾನಗಿಯಲ್ಲಿ 'Source' ಎಂಬುದು ಕಾಯ್ದಿರಿಸಿದ ಹೆಸರು. ಅದನ್ನು ಕಿರಿದಾಗಿಸಿದರೆ ಬೇರೆ ಹೆಸರಿಡಬೇಕು, ಇಲ್ಲವೇ ಪ್ರತ್ಯೇಕ ಅನುಮತಿ ಬೇಕು. ಆದ್ದರಿಂದ ಅದನ್ನು ಇಡಿಯಾಗಿಯೇ ಬಳಸಿದೆ. ಕನ್ನಡ ಫಾಂಟಿನ `OFL.txt` ಕಡತದ ಮೊದಲ ಸಾಲಿನಲ್ಲಿ ಅಂಥ ಕಾಯ್ದಿರಿಸಿದ ಹೆಸರು ಇರಲಿಲ್ಲವಾದ್ದರಿಂದ ಅದನ್ನು ಹೀಗೆ ಕಿರಿದಾಗಿಸಿದೆ:

```
pyftsubset kannada.ttf --flavor=woff2 --name-IDs="*" \
  --unicodes="U+0020-007E,U+0964-0965,U+0C80-0CFF,U+200C-200D"
```

ಇಲ್ಲಿ `--name-IDs="*"` ಎಂಬುದೇ ಮುಖ್ಯ. ಅದನ್ನು ಬಿಟ್ಟರೆ ಈ ಉಪಕರಣ ಫಾಂಟಿನೊಳಗಿನ ಹೆಸರುಗಳ ಕೋಷ್ಟಕದಲ್ಲಿ 0ಯಿಂದ 6ರವರೆಗಿನ ನಮೂದುಗಳನ್ನಷ್ಟೇ ಉಳಿಸುತ್ತದೆ. ಹಕ್ಕುಸ್ವಾಮ್ಯದ ಸಾಲು 0ಯಲ್ಲಿರುವುದರಿಂದ ಉಳಿಯುತ್ತದೆ. ಪರವಾನಗಿಯ ವಿವರ 13ರಲ್ಲಿ, ಅದರ ವಿಳಾಸ 14ರಲ್ಲಿ ಇರುವುದರಿಂದ ಎರಡೂ ಹೋಗುತ್ತವೆ. ಅಕ್ಷರಗಳೆಲ್ಲ ಸರಿಯಾಗಿಯೇ ಮೂಡುವುದರಿಂದ ಪುಟವನ್ನು ನೋಡಿ ಇದನ್ನು ಕಂಡುಹಿಡಿಯಲಾಗದು. `ttx -t name` ಆಜ್ಞೆಯಿಂದ ಕೋಷ್ಟಕವನ್ನು ತೆರೆದು ಆ ಎರಡು ನಮೂದುಗಳನ್ನು ನೋಡಿಯೇ ಖಚಿತಪಡಿಸಿಕೊಂಡು, `OFL.txt` ಕಡತವನ್ನೂ ಫಾಂಟಿನ ಪಕ್ಕದಲ್ಲೇ ಸರ್ವರಿಗೆ ಏರಿಸಿದೆ.

ಕಂಪ್ಯೂಟರಿನಲ್ಲಿ ಮೊದಲೇ ಇರುವ ಫಾಂಟನ್ನು ಏಕೆ ಬಳಸಬಾರದೆಂದು ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರು ಕೇಳಿದರು. ವಿಂಡೋಸ್‌ನ `Nirmala UI` ಹೆಸರನ್ನು ಶೈಲಿಯ ಕಡತದ `font-family` ಸಾಲಿನಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ, ಏಕೆಂದರೆ ಓದುಗರ ಯಂತ್ರದಲ್ಲಿ ಅದು ಇದ್ದರೆ ಬ್ರೌಸರ್ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ ಮತ್ತು ನಾವು ಯಾವ ಪ್ರತಿಯನ್ನೂ ಹಂಚುವುದಿಲ್ಲ. ಅದೇ ಕಡತವನ್ನು ನಮ್ಮ ಸರ್ವರಿಗೆ ಏರಿಸಿದರೆ ಬಂದ ಓದುಗರಿಗೆಲ್ಲ ಅದರ ಪ್ರತಿ ಕೊಟ್ಟಂತಾಗುತ್ತದೆ, ವಿಂಡೋಸ್ ಜೊತೆ ಬಂದ ಪರವಾನಗಿ ಅದಕ್ಕೆ ಅವಕಾಶ ಕೊಡುವುದಿಲ್ಲ. ಹಾಗಾಗಿ ನಮ್ಮ ಕನ್ನಡ ಫಾಂಟನ್ನು ಮೊದಲು ಹೆಸರಿಸಿ, ಅದು ಇಳಿಯದೇ ಇದ್ದಾಗ ಒದಗಲೆಂದು `Nirmala UI` ಹೆಸರನ್ನು ಅದರ ನಂತರ ಸೇರಿಸಿದೆವು.