ಡೀಪ್ ಫ್ರೀಜರ್‌ಗೆ ಕಾರ್ಡ್ ಕಂತು: ಕೊನೆಗೆ ನನ್ನ ಕೈಯಿಂದ ಹೋಗಿದ್ದೆಷ್ಟು

ಕುಮಟಾದಲ್ಲಿ ನನ್ನದೊಂದು ಐಸ್‌ಕ್ರೀಮ್, ತಂಪು ಪಾನೀಯದ ಅಂಗಡಿ. ವ್ಯಾಪಾರ ಅಂದರೆ ಫೆಬ್ರವರಿಯಿಂದ ಮೇ ತನಕ. ಗೋಕರ್ಣಕ್ಕೆ ಹೋಗುವ ಜನ, ಮದುವೆ ಆರ್ಡರ್, ಶಾಲೆ ರಜೆ ಎಲ್ಲ ಅದರಲ್ಲೇ ಬರುತ್ತದೆ. ಜೂನ್ ಮೊದಲ ವಾರ ಮಳೆ ಹಿಡಿಯಿತು ಅಂದರೆ ಗಲ್ಲಾಪೆಟ್ಟಿಗೆ ಖಾಲಿ. ಹಾಗಾಗಿ ಹೊಸ ಡೀಪ್ ಫ್ರೀಜರ್ ತಗೊಳ್ಳುವಾಗ ನನಗಿದ್ದದ್ದು ಒಂದೇ ಹಟ. ಮಳೆಗೆ ಮುಂಚೆ ಸಾಲ ತೀರಬೇಕು, ಬ್ಯಾಂಕಿಗೆ ಸಾವಿರಕ್ಕಿಂತ ಜಾಸ್ತಿ ಹೋಗಬಾರದು.

ಅಂಗಡಿಯವರು ಹೇಳಿದ್ದು 36,000. "ನೋ ಕಾಸ್ಟ್ ಇಎಂಐ ಮಾಡಿ ಮಾರಾಯ್ರೆ, ತಿಂಗಳಿಗೆ 6,000 ಹಾಗೆ ಆರು ತಿಂಗಳು, ಬಡ್ಡಿಯೇ ಇಲ್ಲ" ಅಂದರು. ನಮ್ಮ ಭಾವನಿಗೂ ಅದೇ ಸರಿ ಅನಿಸಿತು. ನಾನು ಕೇಳಿದ್ದು ಬೇರೆ: ಇವತ್ತೇ ಪೂರ್ತಿ ಕೊಟ್ಟರೆ ಎಷ್ಟು? ಸ್ವಲ್ಪ ಎಳೆದಾಡಿದ ಮೇಲೆ 34,500ಕ್ಕೆ ಬಂದರು.

ಬಡ್ಡಿ ಕೂತಿರುವುದು ಈ 1,500ರಲ್ಲೇ. ನನ್ನ ಕ್ರೆಡಿಟ್ ಕಾರ್ಡಿನ ಕಂತಿಗೆ ವರ್ಷಕ್ಕೆ 16 ಪರ್ಸೆಂಟ್ ದರ. ನೋ ಕಾಸ್ಟ್ ಅಂದಾಗಲೂ ಬ್ಯಾಂಕ್ ಆ ಬಡ್ಡಿ ಹಾಕಿಯೇ ಹಾಕುತ್ತದೆ. ಆರು ಕಂತಿಗೆ ಅದು ಸುಮಾರು 1,600. ಅಷ್ಟನ್ನು ಮೊದಲೇ ರಿಯಾಯಿತಿ ಅಂತ ಕಳೆದು, ಸಾಲವನ್ನು 34,400ರ ಹತ್ತಿರ ಬರೆಯುತ್ತಾರೆ. ಅಂದರೆ ನಗದು ಕೊಡುವವನಿಗೆ ಸಿಗುತ್ತಿದ್ದ ರಿಯಾಯಿತಿ ಬಡ್ಡಿಯಾಗಿ ಬ್ಯಾಂಕಿಗೆ ಹೋಯಿತು. ಅದರ ಮೇಲೆ ಇನ್ನೆರಡು ಖರ್ಚಿದೆ. ಬಡ್ಡಿಗೆ 18 ಪರ್ಸೆಂಟ್ ಜಿಎಸ್‌ಟಿ, ಅದು ಸುಮಾರು 290. ಪ್ರೊಸೆಸಿಂಗ್ ಫೀ 199, ಅದಕ್ಕೂ ಜಿಎಸ್‌ಟಿ ಸೇರಿ 235. ಒಟ್ಟು 36,500 ದಾಟುತ್ತದೆ. ನಗದು ಬೆಲೆಗಿಂತ 2,000 ಜಾಸ್ತಿ. ಮೇಲಿಂದ ಕೊನೆಯ ಎರಡು ಕಂತು ಮಳೆಗಾಲಕ್ಕೇ ಬೀಳುತ್ತವೆ.

2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಅಸಲು, ಬಡ್ಡಿ, ಮೊದಲೇ ಕೊಟ್ಟ ರಿಯಾಯಿತಿ ಮೂರನ್ನೂ ಬೇರೆ ಬೇರೆ ತೋರಿಸಬೇಕು, ಬಿಲ್ಲಲ್ಲೂ ಕಾಣಬೇಕು. ಹಳೇ ಬಿಲ್ ಇದ್ದರೆ ತೆಗೆದು ನೋಡಿ, ಕಂತಿನ ಕೆಳಗೆ ಬಡ್ಡಿಯ ಸಾಲು ಇದ್ದೇ ಇರುತ್ತದೆ.

ಹಾಗಾದರೆ 34,500ಕ್ಕೇ ಕಾರ್ಡ್ ಉಜ್ಜಿ, ಆಮೇಲೆ ಆ್ಯಪಿನಲ್ಲಿ ನಾನೇ ಆರು ಕಂತು ಮಾಡಿದರೆ? ಲೆಕ್ಕ ಹಾಕಿದೆ. 36,650 ಆಗುತ್ತದೆ, ನೋ ಕಾಸ್ಟ್‌ಗಿಂತ ನೂರು ರೂಪಾಯಿ ಮೇಲೆಯೇ. ಭಾವ ನಕ್ಕರು. "ಇಷ್ಟೆಲ್ಲ ಮಾಡಿ ನೂರು ರೂಪಾಯಿ ನಷ್ಟವೋ?" ಅಂದರು. ನನ್ನ ದಾರಿ ಅದಾಗಿರಲಿಲ್ಲ.

ನಾನು ಮಾಡಿದ್ದು ಹೀಗೆ. ನನ್ನ ಬಿಲ್ ಆಗುವುದು 20ನೇ ತಾರೀಕು. ಜನವರಿ ಬಿಲ್ ಆದ ಮರುದಿನ ಅಂಗಡಿಗೆ ಹೋದೆ. ಕಾರ್ಡನ್ನು ಎರಡು ಸಲ ಉಜ್ಜಿಸಿದೆ, ಒಂದು 14,500, ಇನ್ನೊಂದು 20,000. ಕೌಂಟರ್ ಹುಡುಗ ಒಪ್ಪಲಿಲ್ಲ, ಮಾಲೀಕರನ್ನೇ ಕರೆಸಬೇಕಾಯಿತು. ಎರಡಾಗಿ ಒಡೆಯುವುದು ಯಾಕೆಂದರೆ ನನ್ನ ಬ್ಯಾಂಕಿನ ಆ್ಯಪಿನಲ್ಲಿ ಒಂದು ಖರೀದಿಯನ್ನು ಪೂರ್ತಿಯಾಗಿಯೇ ಕಂತಿಗೆ ಹಾಕಬೇಕು, ಅರ್ಧ ಹಾಕಲು ಬರುವುದಿಲ್ಲ. ಒಡೆದರೆ ಎಷ್ಟು ಬೇಕೋ ಅಷ್ಟಕ್ಕೇ ಬಡ್ಡಿ.

ಆ ಬಿಲ್ ಬಂದದ್ದು ಫೆಬ್ರವರಿ 20ಕ್ಕೆ, ಕಟ್ಟುವ ಕೊನೆಯ ದಿನ ಮಾರ್ಚ್ ಎರಡನೇ ವಾರ. ಅಲ್ಲಿಯವರೆಗೆ ಒಂದೂವರೆ ತಿಂಗಳು ಪೈಸೆ ಬಡ್ಡಿ ಇಲ್ಲ. ಅಷ್ಟರಲ್ಲಿ ಫ್ರೀಜರ್ ತಾನೇ ದುಡಿದು 14,500 ಕೊಟ್ಟಿತ್ತು. ಕೊನೆಯ ದಿನಕ್ಕೆ ನಾಲ್ಕೈದು ದಿನ ಇರುವಾಗ 20,000ವನ್ನು ಮಾತ್ರ ಮೂರು ಕಂತಿಗೆ ಹಾಕಿದೆ. ಕಂತು 6,845ರ ಆಸುಪಾಸು. ಬಡ್ಡಿ ಸುಮಾರು 540, ಅದರ ಜಿಎಸ್‌ಟಿ 100ರ ಹತ್ತಿರ, ಫೀ 235. ಎಲ್ಲ ಸೇರಿ 870. ಫ್ರೀಜರ್ ನನಗೆ ಬಿದ್ದದ್ದು 35,370. ನೋ ಕಾಸ್ಟ್‌ಗಿಂತ 1,100 ಚಿಲ್ಲರೆ ಉಳಿಯಿತು. ಕೊನೆಯ ಕಂತು ಜೂನ್ ಶುರುವಿನಲ್ಲಿ ಮುಗಿಯಿತು. ಭಾವ ಬಿಲ್ಲನ್ನು ಎರಡು ಸಲ ಓದಿ ಸುಮ್ಮನಾದರು.

ಇಲ್ಲಿ ಒಂದು ವಿಷಯ ಸರಿಯಾಗಿ ನೋಡಬೇಕು. 16 ಪರ್ಸೆಂಟ್ ಎಂಬುದು ನಾವು ಕೊಡುವ ದರ ಅಲ್ಲ. ಜಿಎಸ್‌ಟಿ ಸೇರಿಸಲು 1.18ರಿಂದ ಗುಣಿಸಿ, 19ರ ಹತ್ತಿರ ಬರುತ್ತದೆ. ಇನ್ನು ಫೀ. 20,000ಕ್ಕೆ 235 ಚಿಕ್ಕದು ಅನಿಸುತ್ತದೆ. ಆದರೆ ಅಸಲು ಪ್ರತಿ ತಿಂಗಳು ಇಳಿಯುವುದರಿಂದ, ಮೂರು ತಿಂಗಳಲ್ಲಿ ಸರಾಸರಿ ನನ್ನ ಕೈಲಿದ್ದದ್ದು 13,000 ಚಿಲ್ಲರೆ ಮಾತ್ರ. ಅದಕ್ಕೆ 870 ಅಂದರೆ ವರ್ಷದ ಲೆಕ್ಕದಲ್ಲಿ 26 ಪರ್ಸೆಂಟ್! ಸಾಲ, ಕಂತುಗಳಿಂದ ತಿಂಗಳ ದರ ಹುಡುಕುವ IRR ಸೂತ್ರವನ್ನು ಶೀಟ್‌ನಲ್ಲಿ ಹೀಗೆ ಹಾಕಿ ನೋಡಿದ್ದೆ:

```
A1  20000
A2  -7128
A3  -6877
A4  -6861
=IRR(A1:A4)*12
```

ಮೊದಲ ಕಂತಿಗೆ ಫೀ ಸೇರಿದೆ, ಎಲ್ಲದರಲ್ಲೂ ಜಿಎಸ್‌ಟಿ ಇದೆ. ದರ ಜಾಸ್ತಿ ಕಂಡರೂ ರೂಪಾಯಿ ಕಡಿಮೆ, ಯಾಕೆಂದರೆ ಸಾಲವೇ ಸಣ್ಣದು, ಅವಧಿಯೂ ಕಡಿಮೆ. ಆದರೆ 4,000–5,000ದ ಖರೀದಿಗೆ ಇದೇ ಫೀ ಕೊಟ್ಟು ಮೂರು ಕಂತು ಮಾಡಿದರೆ ಏನೂ ಗಿಟ್ಟುವುದಿಲ್ಲ.

ಈ ದಾರಿ ಎಲ್ಲ ಕಡೆ ನಡೆಯುವುದಿಲ್ಲ. ನನ್ನ ಇನ್ನೊಂದು ಕಾರ್ಡಿನಲ್ಲಿ ಬಿಲ್ ಆದ ಕೂಡಲೇ ಕಂತಿನ ಆಯ್ಕೆಯೇ ಮಾಯವಾಯಿತು. ಅಲ್ಲಿ ಬಿಲ್ಲಿಗೆ ಮುಂಚೆ ಹಾಕಿದರೆ ಮಾತ್ರ ಸರಿ. ಬಡ್ಡಿ ಇಲ್ಲದ ದಿನಗಳು ಅಷ್ಟರ ಮಟ್ಟಿಗೆ ಕಡಿಮೆ. ಕೆಲವು ಅಂಗಡಿಯವರು ಕಾರ್ಡ್ ಅಂದಕೂಡಲೇ 2 ಪರ್ಸೆಂಟ್ ಕೇಳುತ್ತಾರೆ. 34,500ಕ್ಕೆ ಅದು 690, ಕೊಟ್ಟರೆ ಲಾಭದ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಅದನ್ನು ನಾನು ಹೇಗೆ ಬಿಡಿಸಿಕೊಂಡೆ ಅಂತ ಇಲ್ಲಿ ಬರೆಯುವುದಿಲ್ಲ, ಮುಂದಿನ ವರ್ಷವೂ ಅದೇ ಅಂಗಡಿಗೆ ಹೋಗಬೇಕಲ್ವಾ.

ಎಲ್ಲಕ್ಕಿಂತ ಅಪಾಯದ ಜಾಗ ಆ ಕೊನೆಯ ನಾಲ್ಕೈದು ದಿನ. ಕಂತಿಗೆ ಹಾಕಿದ ಮೇಲೂ ಆ್ಯಪಿನಲ್ಲಿ ಒಟ್ಟು ಬಾಕಿ 34,500 ಅಂತಲೇ ಎರಡು ದಿನ ತೋರಿಸುತ್ತಿತ್ತು. ಸಾಲದ ನಂಬರ್ ಬಂದು ಬಾಕಿ ಇಳಿಯುವ ತನಕ ನಾನು 14,500 ಮಾತ್ರ ಕಟ್ಟಿ ಸುಮ್ನೆ ಕೂರಲಿಲ್ಲ, ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ ಖಾತ್ರಿ ಮಾಡಿಕೊಂಡೆ. ಕಂತು ಆಗದೇ ಹೋಗಿ ಅಷ್ಟೇ ಕಟ್ಟಿದ್ದರೆ, ಉಳಿದದ್ದಕ್ಕೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ, ಅದೂ ಕಾರ್ಡ್ ಉಜ್ಜಿದ ದಿನದಿಂದ. ಆಮೇಲೆ ಮಾಡುವ ಹೊಸ ಖರೀದಿಗೂ ಬಡ್ಡಿ ಇಲ್ಲದ ದಿನ ಸಿಗುವುದಿಲ್ಲ.

ಇದರ ನಡುವೆ ಮಿಕ್ಸರ್ ಮೇಲೊಂದು ಪರೀಕ್ಷೆಯನ್ನೂ ಮಾಡಿದ್ದೆ. ಮಿಲ್ಕ್‌ಶೇಕಿಗೆಂದು ತಂದ 18,000ದ ಮಿಕ್ಸರ್ ಹನ್ನೆರಡು ಕಂತಿನಲ್ಲಿತ್ತು. ಅರ್ಧ ದಾರಿಯಲ್ಲಿ ಮುಗಿಸಿದರೆ ಎಷ್ಟು ಉಳಿಯುತ್ತದೆ ಅಂತ ನೋಡಿದೆ. ಮುಂಚೆ ಮುಗಿಸಲು ಬಾಕಿಯ ಮೇಲೆ 3 ಪರ್ಸೆಂಟ್, ಜಿಎಸ್‌ಟಿ ಬೇರೆ. ಬಾಕಿ 9,400ರ ಹತ್ತಿರ, ದಂಡ 330. ಮುಂದೆ ಕಟ್ಟಬೇಕಿದ್ದ ಬಡ್ಡಿ ಜಿಎಸ್‌ಟಿ ಸೇರಿ 520. ಉಳಿದದ್ದು 190. ಎಂಟನೇ ಕಂತಿನ ನಂತರ ಮುಗಿಸಿದ್ದರೆ ಇಪ್ಪತ್ತೋ ಮೂವತ್ತೋ ಅಷ್ಟೇ. ಅದಕ್ಕೇ ಮೂರು ಕಂತಿನ ಸಾಲವನ್ನು ಮಧ್ಯದಲ್ಲಿ ಮುಟ್ಟಲು ಹೋಗಲಿಲ್ಲ.