ಮ್ಯಾಟ್ರಿಮೊನಿ ಫೋಟೋ: ನನ್ನ ಬಣ್ಣ ನನ್ನದಾಗಿಯೇ ಇರಲಿ ಅಂತ ಮಾಡಿದ್ದು

ನನ್ನ ಬಣ್ಣ ಎಣ್ಣೆಗಪ್ಪು. ಕನ್ನಡಕ ಹಾಕುತ್ತೇನೆ. ಬಲಗಡೆ ಮೂಗುಬೊಟ್ಟು ಇದೆ. ಮ್ಯಾಟ್ರಿಮೊನಿ ಸೈಟ್‌ನಲ್ಲಿ ಮನೆಯವರು ಮೊದಲು ಹಾಕಿದ್ದ ಫೋಟೋದಲ್ಲಿ ಈ ಮೂರರಲ್ಲಿ ಉಳಿದಿದ್ದು ಮೂಗುಬೊಟ್ಟು ಮಾತ್ರ. ಅದು ಸ್ಟುಡಿಯೋ ಫೋಟೋ. "ಕನ್ನಡಕ ತೆಗೀರಿ ಮೇಡಂ, ಲೈಟ್ ಹೊಡೆಯುತ್ತೆ" ಅಂದರು. ಆಮೇಲೆ ನನ್ನನ್ನು ಕೇಳದೇ ಕಂಪ್ಯೂಟರಿನಲ್ಲಿ ಮುಖ ಬೆಳ್ಳಗೆ ಮಾಡಿ ಕೊಟ್ಟರು, ಮದುವೆಗೆ ಅಂತ ಹೇಳಿದರೆ ಎಲ್ಲರಿಗೂ ಹಾಗೇ ಮಾಡುವುದಂತೆ. ಮುಖ ಒಂದು ಬಣ್ಣ, ಕತ್ತು ಇನ್ನೊಂದು, ಮಡಿಲಲ್ಲಿ ಇಟ್ಟುಕೊಂಡ ಕೈ ಮತ್ತೊಂದು. ಯಾರದೇ ಫೋಟೋಗೆ ಬಣ್ಣ ಬಳಿದಿದ್ದಾರಾ ಅಂತ ತಿಳಿಯಬೇಕಾದರೆ ಕಿವಿ ಮತ್ತು ಬೆರಳಿನ ಗಂಟು ನೋಡಿ. ಅವಸರದಲ್ಲಿ ಮಾಡಿದರೆ ಅಲ್ಲಿಗೆ ಯಾರೂ ಕೈ ಹಾಕಿರುವುದಿಲ್ಲ.

ಆ ಫೋಟೋ ನೋಡಿ ಮನೆಗೆ ಬಂದವರು ಇದ್ದಾರೆ. ಯಾರೂ ಬಾಯಿ ಬಿಟ್ಟು ಏನೂ ಅನ್ನಲ್ಲ ಬಿಡಿ, ಆದರೆ ಉಪ್ಪಿಟ್ಟು ಖಾಲಿಯಾಗುವುದರೊಳಗೆ ಮಾತು ಮಳೆ, ಅಡಿಕೆ ರೇಟು, ಟ್ರಾಫಿಕ್ ಕಡೆಗೆ ಹೋಗಿರುತ್ತಿತ್ತು. ಆಮೇಲೆ ಬ್ರೋಕರ್ ಮೂಲಕ "ಫೋಟೋದಲ್ಲಿ ಬೇರೆ ಥರ ಇದ್ದರು" ಅಂತ ಸುದ್ದಿ. ನನಗೆ ಬಂದ ಕೋಪ ಅವರ ಮೇಲಲ್ಲ, ಆ ಫೋಟೋ ಮೇಲೆ. ಹಾಗಾಗಿ ಶಿವಮೊಗ್ಗಕ್ಕೆ ಹೋದಾಗ ತಮ್ಮನ ಕೈಗೆ ಫೋನ್ ಕೊಟ್ಟು ಮನೆಯಲ್ಲೇ ತೆಗೆಸಿಕೊಂಡೆ. ನನಗಿದ್ದ ಲೆಕ್ಕ ಒಂದೇ: ಬಾಗಿಲು ತೆಗೆದಾಗ ಬಂದವರಿಗೆ ಕಾಣುವ ನಾನೇ ಫೋಟೋದಲ್ಲೂ ಇರಬೇಕು, ಆದರೆ ಚೆನ್ನಾಗಿ ನಿದ್ದೆ ಮಾಡಿ ಎದ್ದ ದಿನದ ನಾನು.

ಮೊದಲು ಫೋನಿನದ್ದೇ ಕಿತಾಪತಿ ನಿಲ್ಲಿಸಬೇಕು. ಸ್ಟುಡಿಯೋದವರು ಮಾಡುವುದನ್ನ ಎಷ್ಟೋ ಫೋನ್‌ಗಳು ಸುಮ್ನೆ ತಾವೇ ಮಾಡುತ್ತವೆ. ಕ್ಯಾಮೆರಾ ತೆರೆದು ಬ್ಯೂಟಿ, ಫೇಸ್ ರಿಟಚ್, ಸ್ಮೂತ್ ಸ್ಕಿನ್ ಅಂತ ಏನೇ ಇದ್ದರೂ ಹುಡುಕಿ ಸೊನ್ನೆಗೆ ತರಬೇಕು. ಪೋರ್ಟ್ರೇಟ್ ಮೋಡ್‌ನಲ್ಲಿ ಅದಕ್ಕೆ ಬೇರೆಯೇ ಬಟನ್ ಇರಬಹುದು, ಅದನ್ನೂ ನೋಡಿ. ಆಫ್ ಆಗಿದೆಯಾ ಅನ್ನುವುದಕ್ಕೆ ನನ್ನ ಗುರುತು ಗದ್ದದ ಮೇಲಿನ ಹಳೇ ಮೊಡವೆ ಕಲೆ. ಫೋಟೋ ದೊಡ್ಡದು ಮಾಡಿದಾಗ ಕಲೆ ಕಂಡರೆ ಆಫ್ ಆಗಿದೆ. ಕಲೆ ಮಾಯವಾಗಿದ್ದರೆ ಫೋನ್ ಇನ್ನೂ ಕೆಲಸ ಮಾಡುತ್ತಿದೆ ಅಂತ ಅರ್ಥ.

ಸೆಲ್ಫಿ ಬೇಡ ಅಂದಿದ್ದು ನಾನೇ. ಸೆಲ್ಫಿಯಲ್ಲಿ ಫೋನ್ ಮುಖಕ್ಕೆ ತೀರಾ ಹತ್ತಿರ ಇರುತ್ತದೆ, ಹತ್ತಿರ ಇರುವ ಮೂಗು ದೊಡ್ಡದಾಗಿ, ದೂರ ಇರುವ ಕಿವಿ ಚಿಕ್ಕದಾಗಿ ಬೀಳುತ್ತದೆ. 2018ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ವೈದ್ಯರೊಬ್ಬರು ಜೊತೆಗಾರರ ಜೊತೆ ಕೂತು ಇದನ್ನ ಲೆಕ್ಕ ಹಾಕಿದ್ದರು. 5 ಅಡಿ ದೂರದಿಂದ ತೆಗೆದ ಫೋಟೋಗಿಂತ 12 ಇಂಚಿನ ಸೆಲ್ಫಿಯಲ್ಲಿ ಮೂಗು ಸುಮಾರು 30% ಜಾಸ್ತಿ ಅಗಲ ಕಾಣುತ್ತದಂತೆ. ಮೂಗಿನ ಆಪರೇಷನ್ ಮಾಡಿಸಿ ಅಂತ ಜನ ಸೆಲ್ಫಿ ಹಿಡಿದು ಬರುತ್ತಿದ್ದರಂತೆ, ಅದಕ್ಕೇ ಈ ಲೆಕ್ಕ. ಸೆಲ್ಫಿಯಲ್ಲಿ ಇನ್ನೊಂದು ತಮಾಷೆ ಇದೆ. ಕೆಲವು ಫೋನ್‌ಗಳು ಕನ್ನಡಿಯಲ್ಲಿ ಕಂಡಿದ್ದನ್ನೇ ಸೇವ್ ಮಾಡುತ್ತವೆ. ನನ್ನ ಮೂಗುಬೊಟ್ಟು ಎಡಕ್ಕೆ ಹೋಗಿ, ಸೆರಗು ಬಲ ಭುಜಕ್ಕೆ ಬಂದು, ನೋಡಿದವರು "ಇವರು ಗುಜರಾತಿ ಕಡೆಯವರಾ?" ಅನ್ನುವ ಹಾಗಿತ್ತು.

ಹಾಗಾಗಿ ಹಿಂದಿನ ಕ್ಯಾಮೆರಾ, ಐದಾರು ಅಡಿ ದೂರ, ಫೋನಿನಲ್ಲಿ 2x. ಎದುರಿಗೆ ಕೂತು ಮಾತಾಡುವವರು ಹೆಚ್ಚುಕಮ್ಮಿ ಅಷ್ಟೇ ದೂರ ಇರುತ್ತಾರೆ ಅಲ್ವಾ, ಅವರಿಗೆ ಕಾಣುವ ಮುಖ ಅದು. ಫೋನ್ ಕಣ್ಣಿನ ಮಟ್ಟಕ್ಕೆ ಇರಬೇಕು. ತಮ್ಮ ನನಗಿಂತ ಉದ್ದ, ನಿಂತಲ್ಲಿಂದಲೇ ತೆಗೆದರೆ ನನ್ನ ಹಣೆ ದೊಡ್ಡದಾಗುತ್ತಿತ್ತು, ಅದಕ್ಕೆ ಅವನನ್ನ ಸ್ಟೂಲ್ ಮೇಲೆ ಕೂರಿಸಿದೆ.

ಇನ್ನು ಬೆಳಕು. ನಿಜವಾದ ಕೆಲಸ ಇರುವುದು ಇಲ್ಲೇ, ಕಪ್ಪು ಬಣ್ಣದವರಿಗಂತೂ. ರಾತ್ರಿ ನಡುಮನೆಯ ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಬೆಳಕು ಮೇಲಿಂದ ಬಿದ್ದು ಕಣ್ಣಿನ ಕೆಳಗೆ ಗುಳಿ ಕಾಣುತ್ತದೆ, ಎಂಟು ದಿನ ಜ್ವರ ಮಲಗಿ ಎದ್ದ ಹಾಗೆ. ಮಧ್ಯಾಹ್ನದ ಬಿಸಿಲಲ್ಲೂ ಅದೇ ಕಥೆ, ಜೊತೆಗೆ ಕಣ್ಣು ಮುಚ್ಚಿ ಹೋಗುತ್ತದೆ. ನಮ್ಮ ಮನೆ ಬಾಗಿಲು ಪೂರ್ವಕ್ಕಿದೆ. ಸಂಜೆ ನಾಲ್ಕರ ಹೊತ್ತಿಗೆ ಜಗಲಿ ಪೂರ್ತಿ ನೆರಳು, ಆದರೆ ಎದುರಿಗೆ ಆಕಾಶದ ಬೆಳಕು ಧಾರಾಳ. ಹೊಸ್ತಿಲಿನಿಂದ ಎರಡು ಅಡಿ ಒಳಗೆ ನಾನು ಹೊರಗಡೆ ಮುಖ ಮಾಡಿ ನಿಂತೆ, ತಮ್ಮ ಜಗಲಿಯಲ್ಲಿ. ಒಳಗಿನ ಲೈಟ್ ಎಲ್ಲ ಆಫ್ ಮಾಡಿಸಿದೆ, ಯಾಕೆಂದರೆ ಹಗಲಿನ ಬೆಳಕಿಗೆ ಬಲ್ಬಿನ ಹಳದಿ ಸೇರಿದರೆ ಮುಖದ ಅರ್ಧ ಒಂದು ಬಣ್ಣ, ಇನ್ನರ್ಧ ಇನ್ನೊಂದು.

ಮೊದಲು ಬಿಳಿ ಗೋಡೆ ಹಿಂದೆ ಬರುವ ಹಾಗೆ ನಿಂತಿದ್ದೆ. ಅಮ್ಮ ಸ್ಕ್ರೀನ್ ನೋಡಿ "ಇಷ್ಟು ಕಪ್ಪಗೆ ಇದೀಯೇನೇ ನೀನು? ಇದಕ್ಕೆ ಸ್ಟುಡಿಯೋದೇ ವಾಸಿ" ಅಂದಳು. ಅಮ್ಮ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ನಾನು ನಿಜಕ್ಕೂ ಅಷ್ಟು ಕಪ್ಪಿಲ್ಲ. ಹಿಂದೆ ಬಿಳಿ ಜಾಸ್ತಿ ಇದ್ದರೆ ಕ್ಯಾಮೆರಾ ಒಟ್ಟು ಬೆಳಕು ಜಾಸ್ತಿಯಾಯಿತು ಅಂದುಕೊಂಡು ಇಡೀ ಫೋಟೋವನ್ನೇ ಕತ್ತಲು ಮಾಡುತ್ತದೆ, ಮುಖವೂ ಅದರ ಜೊತೆ ಹೋಗುತ್ತದೆ. ಜಾಗ ಬದಲಿಸಿ ಹಿಂದೆ ನಡುಮನೆಯ ಕತ್ತಲೆ ಬರುವ ಹಾಗೆ ನಿಂತೆ. ಈಗ ಉಲ್ಟಾ. ಕತ್ತಲು ನೋಡಿ ಕ್ಯಾಮೆರಾ ಬೆಳಕು ಏರಿಸಿತು, ನಾನು ಬೆಳ್ಳಗಾದೆ. ಅಮ್ಮನ ಮುಖ ಅರಳಿತು. "ಇದನ್ನೇ ಹಾಕು!"

ಅದನ್ನ ಹಾಕಲಿಲ್ಲ. ಅದೂ ಸ್ಟುಡಿಯೋ ಫೋಟೋದ ತಂಗಿಯೇ. ಸ್ಕ್ರೀನ್ ಮೇಲೆ ನನ್ನ ಮುಖದ ಜಾಗಕ್ಕೆ ಬೆರಳು ಒತ್ತಿದರೆ ಪಕ್ಕದಲ್ಲಿ ಸಣ್ಣ ಸೂರ್ಯನ ಗುರುತು ಬರುತ್ತದೆ, ಅದನ್ನ ಕೆಳಗೆ ಎಳೆದರೆ ಬೆಳಕು ಇಳಿಯುತ್ತದೆ. ತಮ್ಮನಿಗೆ ಸ್ವಲ್ಪ ಸ್ವಲ್ಪ ಎಳೆದು ಬೇರೆ ಬೇರೆ ಫೋಟೋ ತೆಗೆಯಲು ಹೇಳಿದೆ. ಆಮೇಲೆ ಅದೇ ಬಾಗಿಲಲ್ಲಿ ನಿಂತು, ಫೋನಿನ ಹಳದಿ ಛಾಯೆಯ ಸೆಟ್ಟಿಂಗ್ ತೆಗೆದು, ಬ್ರೈಟ್‌ನೆಸ್ ಮಧ್ಯಕ್ಕೆ ತಂದು, ಫೋನ್ ನನ್ನ ಕೆನ್ನೆಯ ಪಕ್ಕಕ್ಕೆ ಹಿಡಿದು ಅಮ್ಮನಿಗೆ ಒಂದೊಂದೇ ತೋರಿಸಿದೆ. ಚೆನ್ನಾಗಿದೆಯಾ ಅಂತ ಕೇಳಲಿಲ್ಲ. "ಎರಡೂ ಒಂದೇ ಬಣ್ಣ ಇದೆಯಾ?" ಅಂತ ಮಾತ್ರ ಕೇಳಿದೆ. ಮನಸ್ಸಿಲ್ಲದೆ ನೋಡಿದರೂ ಅಮ್ಮ ಸರಿಯಾಗೇ ಹೇಳಿದಳು. ಸೀರೆ ಅಂಗಡಿಯಲ್ಲಿ ಬ್ಲೌಸ್ ಪೀಸ್ ಮ್ಯಾಚ್ ಮಾಡಿಸುವ ಕಣ್ಣು ಅದು, ಸುಲಭಕ್ಕೆ ಮೋಸ ಹೋಗುವುದಿಲ್ಲ. ಹತ್ತಿ ಸೀರೆಯ ಗಾಢ ಹಸಿರನ್ನೂ ಹಾಗೇ ತಾಳೆ ನೋಡಿದೆವು. ಸೀರೆಯ ಬಣ್ಣ ಫೋಟೋದಲ್ಲಿ ಬೇರೆ ಬಂದಿದ್ದರೆ ಮುಖದ ಬಣ್ಣವೂ ನಂಬುವ ಹಾಗಿಲ್ಲ. ಆದರೆ ಇದು ನಮ್ಮ ಫೋನಿನ ಮಟ್ಟಿಗೆ. ಇನ್ನೊಬ್ಬರ ಫೋನಿನಲ್ಲಿ ಬಣ್ಣ ಒಂಚೂರು ಆಚೀಚೆ ಆಗಿಯೇ ಆಗುತ್ತದೆ, ಅದಕ್ಕೆ ನಾವೇನೂ ಮಾಡಲು ಆಗಲ್ಲ.

ಕನ್ನಡಕ ಹಾಕಿಕೊಂಡೇ ತೆಗೆಸಿದೆ. ದಿನಾ ಹಾಕುವುದನ್ನ ಫೋಟೋಗೆ ಅಂತ ಯಾಕೆ ತೆಗೀಬೇಕು? ಬಾಗಿಲಿನ ಬೆಳಕು ಗಾಜಿನಲ್ಲಿ ಹೊಳೆಯುತ್ತಿತ್ತು. ಕನ್ನಡಕದ ಕಡ್ಡಿಗಳನ್ನ ಕಿವಿಯಿಂದ ಚೂರು ಮೇಲೆ ಎತ್ತಿ ಕೂರಿಸಿದರೆ ಗಾಜು ಕೆಳಗೆ ಓರೆಯಾಗಿ ಹೊಳಪು ಹೋಗುತ್ತದೆ, ಎದುರಿನಿಂದ ನೋಡುವವರಿಗೆ ಎತ್ತಿದ್ದು ಗೊತ್ತಾಗಲ್ಲ. ನಗು ಮಾತ್ರ ಹೇಳಿ ಮಾಡಿಸಿದರೆ ಬರುವುದಿಲ್ಲ. "ನಗು ಅಕ್ಕಾ" ಅಂದಾಗೆಲ್ಲ ಹಲ್ಲು ಡಾಕ್ಟರ್ ಮುಂದೆ ಕೂತ ಮುಖ ಬರುತ್ತಿತ್ತು. ಕೊನೆಗೆ ಉಳಿದ ಫೋಟೋ ನಾನು ಅಮ್ಮನ ಜೊತೆ ಹಪ್ಪಳದ ವಿಷಯಕ್ಕೆ ವಾದ ಮಾಡುತ್ತಿದ್ದಾಗ ತಮ್ಮ ಹೇಳದೇ ತೆಗೆದಿದ್ದು.

ಆರಿಸುವಾಗ ಎರಡು ಕೆಲಸ ಮಾಡಿದೆ. ಸೈಟ್‌ನ ಪಟ್ಟಿಯಲ್ಲಿ ಫೋಟೋ ಅಂಚೆ ಚೀಟಿಯಷ್ಟೇ ಕಾಣುತ್ತದೆ, ಹಾಗಾಗಿ ಗ್ಯಾಲರಿಯಲ್ಲಿ ಚಿಕ್ಕದಾಗಿ ಇಟ್ಟು ಕೈ ಚಾಚಿ ನೋಡಿದೆ. ತಲೆಯಿಂದ ಎದೆಯವರೆಗೆ ಇದ್ದವು ಮಾತ್ರ ಆ ಅಳತೆಯಲ್ಲಿ ಮುಖ ಅಂತ ಗೊತ್ತಾಗುತ್ತಿತ್ತು. ಆಮೇಲೆ ಉಳಿದ ನಾಲ್ಕೈದನ್ನ ಆಫೀಸಿನಲ್ಲಿ ಪಕ್ಕದ ಸೀಟಿನವಳಿಗೆ ತೋರಿಸಿದೆ. ಅವಳು ದಿನಾ ಎಂಟು ಗಂಟೆ ನನ್ನ ಮುಖ ನೋಡುವವಳು, ಅಮ್ಮನ ಹಾಗೆ ಮಮತೆಯೂ ಇಲ್ಲ, ನನ್ನ ಹಾಗೆ ಮೂಗಿನ ಬಗ್ಗೆ ಕೊರಗೂ ಇಲ್ಲ. ನಾನು ಇಟ್ಟುಕೊಂಡಿದ್ದ ಗಂಭೀರ ಫೋಟೋ ನೋಡಿ "ಇದು ಯಾರು, ನಿಮ್ಮ ಅತ್ತೇನಾ?" ಅಂದಳು. ಹಪ್ಪಳದ ಫೋಟೋ ಗೆದ್ದಿತು.

ಎರಡನೇದಾಗಿ ನಿಂತಿರುವ ಪೂರ್ತಿ ಫೋಟೋ ಹಾಕಿದೆ, ಅದೇ ವಾರದ್ದು, ಚಪ್ಪಲಿ ಸಮೇತ. ಅದಿಲ್ಲದಿದ್ದರೆ "ಫುಲ್ ಫೋಟೋ ಇದ್ದರೆ ಕಳಿಸಿ" ಅಂತ ಹೇಗೂ ಕೇಳುತ್ತಾರೆ. ಅದನ್ನ ಸೊಂಟದ ಎತ್ತರದಿಂದ, ಎಂಟು ಹತ್ತು ಅಡಿ ದೂರದಿಂದ ತೆಗೆಯಬೇಕು, ಇಲ್ಲದಿದ್ದರೆ ಕಾಲು ಗಿಡ್ಡ. ಚಿಕ್ಕಮ್ಮನ ಮಗಳ ಮದುವೆಯಲ್ಲಿ ತೆಗೆದ ಮೇಕಪ್ ಫೋಟೋ ಮೂರನೇದು, ಹಬ್ಬದ ದಿನ ಹೀಗೂ ಇರುತ್ತೇನೆ ಅನ್ನುವುದಕ್ಕೆ. ಪಕ್ಕದಲ್ಲಿದ್ದ ತಂಗಿಯನ್ನ ಕ್ರಾಪ್ ಮಾಡಿದೆ. ಮಾಡದಿದ್ದರೆ ಆ ಹುಡುಗಿ ಯಾರು, ಅವಳ ಜಾತಕ ಇದೆಯಾ ಅಂತ ಕೇಳುವ ಮಹನೀಯರು ಇದ್ದಾರೆ.

ಕಳಿಸುವಾಗ ಒಂದು ವಿಷಯ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೋ ಸಣ್ಣದಾಗುತ್ತದೆ, ಅದಕ್ಕೇ ಎಲ್ಲರೂ ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನುತ್ತಾರೆ. ಹಾಗೆ ಕಳಿಸಿದರೆ ಫೋಟೋ ಜೊತೆ ಅದನ್ನ ತೆಗೆದ ಜಾಗವೂ ಹೋಗಬಹುದು, ಕ್ಯಾಮೆರಾದಲ್ಲಿ ಲೊಕೇಷನ್ ಆನ್ ಇದ್ದರೆ. ನಮ್ಮದು ಮನೆ ಬಾಗಿಲಲ್ಲಿ ತೆಗೆದಿದ್ದು, ಅಂದರೆ ಮನೆ ವಿಳಾಸವೇ. ತೆಗೆಯುವ ಮೊದಲೇ ಲೊಕೇಷನ್ ಆಫ್ ಮಾಡಿದ್ದೆ. ಸೈಟ್‌ನಲ್ಲಿ ಮೂರನ್ನೂ ಎಲ್ಲರಿಗೂ ಕಾಣಿಸುವ ಬದಲು, ನಾನು ಒಪ್ಪಿದವರಿಗೆ ಮಾತ್ರ ಕಾಣುವ ಹಾಗೆ ಇಟ್ಟೆ. ಆದರೂ ಒಪ್ಪಿದವರು ಸ್ಕ್ರೀನ್‌ಶಾಟ್ ತೆಗೆಯುವುದನ್ನ ಪೂರ್ತಿ ತಡೆಯಲು ಆಗಲ್ಲ.

ಫೋಟೋ ಬದಲಿಸಿದ ಮೇಲೆ ಬರುವ ಇಂಟರೆಸ್ಟ್ ಕಡಿಮೆ ಆಯಿತಾ ಅಂದರೆ, ಹೌದು, ಆಯಿತು. ಅಮ್ಮ ಅದನ್ನ ವಾರಕ್ಕೊಮ್ಮೆ ನೆನಪಿಸುತ್ತಾಳೆ. ಆದರೆ ಬಂದವರು ಈಗ ಕೂತು ಕೆಲಸದ ಬಗ್ಗೆ, ಮದುವೆ ಆದಮೇಲೆ ಯಾವ ಊರಲ್ಲಿ ಇರುವುದು ಅನ್ನುವ ಬಗ್ಗೆ ಮಾತಾಡುತ್ತಾರೆ.

ಇನ್ನೂ ಮುಗಿಯದ ತಲೆನೋವು ಹಳೇ ಫೋಟೋದ್ದು. ಅದು ಬಯೋಡೇಟಾ ಪಿಡಿಎಫ್‌ನಲ್ಲಿ ಸೇರಿ ಬ್ರೋಕರ್‌ಗಳ ಫೋನಿನಲ್ಲಿ, ಸಮಾಜದ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇದೆ. ಸಿಕ್ಕವರಿಗೆಲ್ಲ ಹೊಸದು ಕಳಿಸಿ ಹಳೇದು ಅಳಿಸಿ ಅಂತ ಹೇಳುತ್ತಿದ್ದೇನೆ. ಅಮ್ಮನ ಫೋನಿನಲ್ಲಿ ಹಳೇದನ್ನ ನಾನೇ ಡಿಲೀಟ್ ಮಾಡಿ, ಹೊಸ ಫೈಲಿನ ಹೆಸರಿನಲ್ಲೇ ತಿಂಗಳು, ವರ್ಷ ಹಾಕಿಟ್ಟಿದ್ದೇನೆ. ಆರು ತಿಂಗಳಾದರೆ, ಅಥವಾ ನಡುವೆ ಕೂದಲು ಕತ್ತರಿಸಿಕೊಂಡರೆ, ತಮ್ಮನಿಗೆ ಮತ್ತೆ ಸ್ಟೂಲ್.