ನಾರಾಯಣ ಪಂಡಿತರ ಹಸುಗಳು: ಮ್ಯಾಟ್ರಿಕ್ಸ್ ಬಳಸಿ ನೇರ ಸೂತ್ರ ಕಟ್ಟುವುದು ಹೇಗೆ?

1356ರಲ್ಲಿ ನಾರಾಯಣ ಪಂಡಿತರು ಬರೆದ ‘ಗಣಿತ ಕೌಮುದಿ’ಯಲ್ಲಿ ಒಂದು ಹಸುವಿನ ಲೆಕ್ಕ ಇದೆ. ಹಸು ವರ್ಷಕ್ಕೊಂದು ಹೆಣ್ಣು ಕರು ಹಾಕುತ್ತದೆ. ಆ ಕರುವೂ ತನ್ನ ನಾಲ್ಕನೇ ವರ್ಷದಿಂದ ವರ್ಷಕ್ಕೊಂದು ಕರು ಹಾಕಲು ಶುರು ಮಾಡುತ್ತದೆ. ಯಾವುದೂ ಸಾಯುವುದಿಲ್ಲ. ಹಾಗಾದರೆ 20 ವರ್ಷ ಕಳೆದ ಮೇಲೆ ಒಟ್ಟು ಎಷ್ಟು ರಾಸು?

n ವರ್ಷದ ಕೊನೆಗೆ ಇರುವ ಸಂಖ್ಯೆಯನ್ನು h(n) ಎನ್ನೋಣ. ಹೋದ ವರ್ಷ ಇದ್ದವೆಲ್ಲ ಈ ವರ್ಷವೂ ಇರುತ್ತವೆ. ಮೂರು ವರ್ಷದ ಹಿಂದೆ ಇದ್ದವೆಲ್ಲ ಈಗ ತಲಾ ಒಂದು ಕರು ಹಾಕುತ್ತವೆ. ಅಷ್ಟೇ:

```
h(n) = h(n-1) + h(n-3)
```

ಶುರುವಿನಲ್ಲಿ 1, ಆಮೇಲೆ 2, 3, 4, 6, 9, 13... ಹೀಗೆ ಒಂದೊಂದೇ ಕೂಡಿಸುತ್ತಾ ಹೋದರೆ 20ನೇ ವರ್ಷಕ್ಕೆ 2745 ಸಿಗುತ್ತದೆ. ಆದರೆ ನಡುವಿನ ವರ್ಷಗಳನ್ನೆಲ್ಲ ದಾಟದೆ ನೇರವಾಗಿ h(20)ಕ್ಕೆ ಹೋಗುವ ಸೂತ್ರ ಬೇಕು. ಅದಕ್ಕೆ ದಾರಿ ಮ್ಯಾಟ್ರಿಕ್ಸ್.

ಮೊದಲ ಹೆಜ್ಜೆ: ಮೂರು ಸಂಖ್ಯೆಗಳನ್ನು ಒಟ್ಟಿಗೆ ಹಿಡಿಯುವುದು

ಮುಂದಿನ ವರ್ಷದ ಲೆಕ್ಕಕ್ಕೆ ಹಿಂದಿನ ಮೂರು ವರ್ಷಗಳ ಸಂಖ್ಯೆ ಗೊತ್ತಿರಬೇಕು. ಹಾಗಾಗಿ ಒಂದೇ ಸಂಖ್ಯೆಯ ಬದಲು ಮೂರನ್ನೂ ಒಂದು ಕಂಬಸಾಲಿನಲ್ಲಿ ಇಟ್ಟುಕೊಳ್ಳೋಣ: v(n) = (h(n), h(n-1), h(n-2)). ಈಗ ಒಂದು ವರ್ಷ ಮುಂದೆ ಹೋಗುವುದೆಂದರೆ ಒಂದು ಮ್ಯಾಟ್ರಿಕ್ಸ್‌ನಿಂದ ಗುಣಿಸುವುದು.

```
    | 1 0 1 |
M = | 1 0 0 |      v(n) = M · v(n-1)
    | 0 1 0 |
```

ಮೇಲಿನ ಅಡ್ಡಸಾಲು ನಮ್ಮ ಸೂತ್ರವೇ. ಕೆಳಗಿನ ಎರಡು ಸಾಲುಗಳು ಹಳೆಯ ಸಂಖ್ಯೆಗಳನ್ನು ಒಂದು ಸ್ಥಾನ ಕೆಳಗೆ ಸರಿಸುತ್ತವೆ, ಬೇರೇನೂ ಮಾಡುವುದಿಲ್ಲ. ನಾಲ್ಕನೇ ದರ್ಜೆಯ ಸೂತ್ರವಾದರೆ 4×4 ಮ್ಯಾಟ್ರಿಕ್ಸ್ ಬರುತ್ತದೆ, ರಚನೆ ಇದೇ.

v(0) ಏನು? ಅದಕ್ಕೆ h(-1), h(-2) ಬೇಕು. ಸೂತ್ರವನ್ನು ಹಿಂದಕ್ಕೆ ಓಡಿಸಿದರೆ ಎರಡೂ 1 ಎಂದು ಬರುತ್ತದೆ. ನಮ್ಮ ಮೊದಲ ಹಸು ತಾನೇ ಕಡಸಾಗಿದ್ದ ವರ್ಷಗಳು ಅವು. ಹಾಗಾಗಿ v(0) = (1, 1, 1), ಮತ್ತು v(n) = Mⁿ · v(0). ಇಲ್ಲಿಯೇ ಒಮ್ಮೆ ಪರೀಕ್ಷಿಸಿ: M · (1, 1, 1) = (2, 1, 1) ಬರಬೇಕು. ಜಾಸ್ತಿ ಜನ ಎಡವುವುದು ಈ ಆರಂಭದ ಎಣಿಕೆಯಲ್ಲಿ. ಇದೇ ಸಾಲನ್ನು ಕೆಲವರು 1, 1, 1, 2, 3... ಎಂದು ಶುರು ಮಾಡುತ್ತಾರೆ. ಆಗ ಸೊನ್ನೆಯಿಂದ ಎಣಿಸಿದರೆ 2745 ಬರುವುದು 22ನೇ ಸ್ಥಾನದಲ್ಲಿ.

ಎರಡನೇ ಹೆಜ್ಜೆ: ದಿಕ್ಕು ಬದಲಿಸದ ವೆಕ್ಟರ್‌ಗಳು

Mⁿ ಲೆಕ್ಕ ಹಾಕುವುದು ಕಷ್ಟ. ಆದರೆ M ಗುಣಿಸಿದಾಗ ಕೆಲವು ವೆಕ್ಟರ್‌ಗಳು ಬರೀ ಒಂದು ಸಂಖ್ಯೆಯಷ್ಟು ಪಟ್ಟು ಆಗುತ್ತವೆ. ಅವೇ ಐಗನ್ ವೆಕ್ಟರ್‌ಗಳು, ಆ ಸಂಖ್ಯೆ ಐಗನ್ ಬೆಲೆ, ಅದನ್ನು λ ಎನ್ನೋಣ. ಈ ಬಗೆಯ ಮ್ಯಾಟ್ರಿಕ್ಸ್‌ನಲ್ಲಿ ಅವನ್ನು ಹುಡುಕಬೇಕಾಗಿಯೇ ಇಲ್ಲ, ಸುಮ್ನೆ ಬರೆದುಬಿಡಬಹುದು: (λ², λ, 1). ಇದನ್ನು M ಗುಣಿಸಿದರೆ (λ²+1, λ², λ) ಬರುತ್ತದೆ. ಇದು λ ಪಟ್ಟು ಆಗಿರಬೇಕಾದರೆ ಒಂದೇ ಷರತ್ತು:

```
λ³ = λ² + 1
```

ಈ ಸಮೀಕರಣಕ್ಕೆ ಮೂರು ಮೂಲಗಳು. ಒಂದು ವಾಸ್ತವ ಸಂಖ್ಯೆ, ಸುಮಾರು 1.4655712. ಉಳಿದೆರಡು ಸಂಕೀರ್ಣ ಸಂಖ್ಯೆಗಳು, ಸುಮಾರು -0.2328 ± 0.7926i. ಇವುಗಳ ಗಾತ್ರ 0.826, ಒಂದಕ್ಕಿಂತ ಕಡಿಮೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೂರನೇ ಹೆಜ್ಜೆ: v(0)ಯನ್ನು ಒಡೆಯುವುದು

ಈಗ (1, 1, 1) ಅನ್ನು ಮೂರು ಐಗನ್ ವೆಕ್ಟರ್‌ಗಳ ಮೊತ್ತವಾಗಿ ಬರೆಯಬೇಕು. ಪ್ರತಿಯೊಂದೂ ಎಷ್ಟು ಪಾಲು ಎನ್ನುವುದು k. ಪಠ್ಯಪುಸ್ತಕದ ದಾರಿಯಲ್ಲಿ 3×3 ಮ್ಯಾಟ್ರಿಕ್ಸ್‌ನ ವಿಲೋಮ ಕಂಡುಹಿಡಿಯುತ್ತಾರೆ. ಸಂಕೀರ್ಣ ಸಂಖ್ಯೆಗಳ ಜೊತೆ ಅದು ತಲೆನೋವಿನ ಕೆಲಸ. ನನಗೆ ಇಷ್ಟವಾದ ದಾರಿ ಬೇರೆ ಇದೆ.

M ಅನ್ನು ಎಡದಿಂದ ಗುಣಿಸುವ ಅಡ್ಡಸಾಲು w = (λ², 1, λ) ತೆಗೆದುಕೊಳ್ಳಿ. wM = λw ಆಗುತ್ತದೆ, ಗುಣಿಸಿ ನೋಡಿ. ಇದರ ಒಂದು ಗುಣ ತುಂಬಾ ಉಪಯೋಗಕ್ಕೆ ಬರುತ್ತದೆ. ಒಂದು λಗೆ ಸೇರಿದ w ಅನ್ನು ಬೇರೆ λಗೆ ಸೇರಿದ ಐಗನ್ ವೆಕ್ಟರ್ ಜೊತೆ ಗುಣಿಸಿದರೆ ಸೊನ್ನೆ. ಅಂದರೆ v(0)ಯನ್ನು w ಗುಣಿಸಿದರೆ ಬೇರೆ ಎರಡು ಪಾಲುಗಳೂ ಅಳಿಸಿಹೋಗಿ ನಮಗೆ ಬೇಕಾದ ಒಂದೇ ಉಳಿಯುತ್ತದೆ. ಅದನ್ನು w ಮತ್ತು ಅದೇ λಯ ಐಗನ್ ವೆಕ್ಟರ್‌ನ ಗುಣಲಬ್ಧದಿಂದ ಭಾಗಿಸಿದರೆ k ಸಿಗುತ್ತದೆ:

```
k = (λ² + 1 + λ) / (λ⁴ + 2λ)
```

λ³ = λ²+1 ಎಂದು ಗೊತ್ತಿರುವುದರಿಂದ λ⁴ = λ²+λ+1. ಮೇಲಿರುವುದು λ⁴ ತಾನೇ! ಹಾಗಾಗಿ k = λ³/(λ³+2). h(n) ವೆಕ್ಟರ್‌ನ ಮೊದಲ ಸ್ಥಾನದಲ್ಲಿದೆ, ಅಲ್ಲಿ λ² ಇದೆ, n ಸಲ ಗುಣಿಸಿದ್ದಕ್ಕೆ λⁿ. ಎಲ್ಲ ಸೇರಿಸಿದರೆ:

```
h(n) = Σ λⁿ⁺⁵ / (λ³ + 2)     (ಮೂರೂ λಗಳಿಗೆ)
```

ಇದೇ ನೇರ ಸೂತ್ರ. ಎಲ್ಲೂ ಅಂದಾಜಿಲ್ಲ.

ನಾಲ್ಕನೇ ಹೆಜ್ಜೆ: ಸಂಖ್ಯೆ ಹಾಕಿ ನೋಡುವುದು

ಸಂಕೀರ್ಣ ಮೂಲಗಳ ಎರಡು ಪದಗಳನ್ನು ಕೂಡಿಸಿದರೆ ಕಾಲ್ಪನಿಕ ಭಾಗ ಹೋಗಿಬಿಡುತ್ತದೆ. ಉಳಿಯುವ ಮೊತ್ತ 0.32 × 0.826ⁿ ದಾಟುವುದಿಲ್ಲ. ಅದು n ಎಷ್ಟೇ ಇದ್ದರೂ ಅರ್ಧಕ್ಕಿಂತ ಕಡಿಮೆ. ಅಂದರೆ ಆ ಎರಡನ್ನೂ ಬಿಟ್ಟು, ವಾಸ್ತವ ಮೂಲದ ಪದವೊಂದನ್ನೇ ಲೆಕ್ಕ ಹಾಕಿ ಹತ್ತಿರದ ಪೂರ್ಣಾಂಕ ತೆಗೆದುಕೊಂಡರೆ ಸಾಕು:

```
h(n) ≈ 1.313423 × 1.4655712ⁿ
```

n = 20 ಹಾಕಿದರೆ ಸುಮಾರು 2745.004. ನಾರಾಯಣ ಪಂಡಿತರ ಉತ್ತರವೇ ಬಂತು ಅಲ್ವಾ? ಪ್ರತಿ ವರ್ಷ ಮಂದೆ ಹೆಚ್ಚುಕಡಿಮೆ 46.6% ಬೆಳೆಯುತ್ತದೆ ಎಂಬುದೂ ಇದರಿಂದ ಗೊತ್ತಾಗುತ್ತದೆ.

ಆದರೆ ದಶಮಾಂಶಗಳಲ್ಲಿ ಜಿಪುಣತನ ಮಾಡಬೇಡಿ. 1.3134 ಮತ್ತು 1.4656 ಎಂದು ನಾಲ್ಕೇ ಸ್ಥಾನ ಇಟ್ಟುಕೊಂಡರೆ h(20) 2746 ಆಗುತ್ತದೆ. λನಲ್ಲಿರುವ ಸಣ್ಣ ತಪ್ಪು 20 ಸಲ ಗುಣಿಸಿ ದೊಡ್ಡದಾಗುತ್ತದೆ. n ದೊಡ್ಡದಾದಷ್ಟೂ ಜಾಸ್ತಿ ಸ್ಥಾನಗಳು ಬೇಕು. ನಿಖರ ಪೂರ್ಣಾಂಕವೇ ಬೇಕಿದ್ದು n ನೂರು, ಸಾವಿರ ಆಗಿದ್ದರೆ M ಅನ್ನೇ ವರ್ಗ ಮಾಡುತ್ತಾ M², M⁴, M⁸, M¹⁶ ಎಂದು ಹೋಗುವುದು ಒಳ್ಳೆಯದು. M²⁰ = M¹⁶ · M⁴. ಉತ್ತರ ಸರಿಯೇ ಎಂದು ತಾಳೆ ನೋಡಲು ಪೈಥಾನ್‌ನಲ್ಲಿ ನಾಲ್ಕು ಸಾಲು ಸಾಕು:

```
a, b, c = 1, 1, 1
for i in range(20):
    a, b, c = a + c, a, b
print(a)
```

ಒಂದೇ ಮೂಲ ಎರಡು ಸಲ ಬಂದರೆ

ಇಲ್ಲಿ ದಾರಿ ಸ್ವಲ್ಪ ಬದಲಾಗುತ್ತದೆ. a(n) = 4a(n-1) - 5a(n-2) + 2a(n-3) ನೋಡಿ, ಶುರು 0, 0, 1. ಇದರ ಸಮೀಕರಣ (λ-1)²(λ-2) = 0. ಒಂದೊಂದು λಗೆ (λ², λ, 1) ಎಂಬ ಒಂದೇ ದಿಕ್ಕು ಇರುವುದರಿಂದ ಇಲ್ಲಿ ಎರಡೇ ಐಗನ್ ವೆಕ್ಟರ್, ಮೂರನೆಯದು ಇಲ್ಲ. ಮೇಲಿನ ವಿಧಾನದಲ್ಲೇ ಹೋದರೆ λ = 1 ಇರುವಲ್ಲಿ kಯ ಛೇದ ಸೊನ್ನೆಯಾಗುತ್ತದೆ. ಮೂಲ ಎರಡು ಸಲ ಬಂದಿದೆ ಎಂಬುದಕ್ಕೆ ಅದೇ ಗುರುತು.

ಆಗ 1ⁿ ಜೊತೆಗೆ n·1ⁿ ಎಂಬ ಪದವನ್ನೂ ಸೇರಿಸಬೇಕು: a(n) = A + Bn + C·2ⁿ. n = 0, 1, 2 ಹಾಕಿದರೆ A + C = 0, A + B + 2C = 0, A + 2B + 4C = 1. ಬಿಡಿಸಿದರೆ A = -1, B = -1, C = 1. ಅಂದರೆ a(n) = 2ⁿ - n - 1. ಸಾಲು 0, 0, 1, 4, 11, 26 ಎಂದು ಬರುತ್ತದೆ; ಕೊನೆಯದನ್ನು ಸೂತ್ರದಿಂದಲೇ ನೋಡಿ: 4×11 - 5×4 + 2×1 = 26.